ರೆಸ್ಯೂಮ್‌ನಲ್ಲಿ ಏನು ಕಾಣಲಿಲ್ಲ ಎಂದು ಅಭ್ಯರ್ಥಿಗೆ ಬರೆಯುವುದು ಹೇಗೆ?

"ನಿಮ್ಮ ಪ್ರೊಫೈಲ್ ಸದ್ಯಕ್ಕೆ ನಮ್ಮ ಅಗತ್ಯಕ್ಕೆ ಹೊಂದುತ್ತಿಲ್ಲ." ರಿಕ್ರೂಟರ್ ಆಗಿ ಕೆಲಸಕ್ಕೆ ಸೇರಿದ ಮೇಲೆ ವರ್ಷಗಟ್ಟಲೆ ನಾನು ಇದೇ ಸಾಲನ್ನು ಎಲ್ಲರಿಗೂ ಕಳಿಸುತ್ತಿದ್ದೆ. ಒಮ್ಮೆ ದಾವಣಗೆರೆ ಕಡೆಯ ಒಬ್ಬ ಅಭ್ಯರ್ಥಿ ತಿರುಗಿ ಒಂದೇ ಸಾಲು ಬರೆದರು: "ಮೇಡಂ, ಯಾವ ಅಗತ್ಯಕ್ಕೆ?"

ಉತ್ತರ ಕೊಡೋಣ ಎಂದು ಅವರ ರೆಸ್ಯೂಮ್ ತೆಗೆದೆ. ನಾವೇ ಹಾಕಿದ್ದ ಜಾಹೀರಾತನ್ನೂ ತೆಗೆದೆ. ಅರ್ಧ ಗಂಟೆ ಕೂತರೂ ನನಗೇ ಉತ್ತರ ಹೊಳೆಯಲಿಲ್ಲ. ರಿಜೆಕ್ಟ್ ಮಾಡಿದ್ದು ನಾನೇ, ಕಾರಣ ಮಾತ್ರ ನನ್ನ ಹತ್ತಿರ ಇರಲಿಲ್ಲ. ಆ ಮೇಲ್ ಬರೆದು ಮುಗಿಸಲು ಎರಡು ದಿನ ಬೇಕಾಯಿತು. ಈಗ ಅಂಥದ್ದೊಂದು ಮೇಲ್‌ಗೆ ಹದಿನೈದು ನಿಮಿಷ ಸಾಕು. ಆ ಎರಡು ದಿನ ನಾನು ಏನೇನು ಮಾಡಿದೆ ಎನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಅಭ್ಯರ್ಥಿಯ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ.

ಹುದ್ದೆ: ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ ಅಕೌಂಟ್ಸ್ ಎಕ್ಸಿಕ್ಯೂಟಿವ್. ಜಾಗ ಒಂದೇ. ಬಂದ ಅರ್ಜಿ 140.

ಹಂತ 1: ಈ ಮೇಲ್ ಯಾರಿಗೆ ಎಂದು ಮೊದಲು ತೀರ್ಮಾನಿಸಿ

140 ಜನರಿಗೂ ವಿವರವಾಗಿ ಬರೆಯಲು ಹೊರಟರೆ ವಾರವಿಡೀ ಬೇರೆ ಕೆಲಸ ಆಗುವುದಿಲ್ಲ. ಹಾಗೆ ಬರೆಯುವ ಅಗತ್ಯವೂ ಇಲ್ಲ. ಬಿ.ಕಾಂ. ಕೇಳಿದ ಕಡೆ ಸಿವಿಲ್ ಡಿಪ್ಲೊಮಾ ಮಾಡಿದವರು ಅರ್ಜಿ ಹಾಕಿದ್ದರೆ ಒಂದು ಸಾಲಿನ ಉತ್ತರ ಸಾಕು: "ಈ ಹುದ್ದೆಗೆ ಬಿ.ಕಾಂ. ಅಥವಾ ಎಂ.ಕಾಂ. ಕಡ್ಡಾಯವಾಗಿತ್ತು."

ವಿವರವಾದ ಮೇಲ್ ಬೇಕಾಗಿರುವುದು ಕೂದಲೆಳೆಯಲ್ಲಿ ತಪ್ಪಿಸಿಕೊಂಡವರಿಗೆ. ನಾನು ಇಟ್ಟುಕೊಂಡಿರುವ ಲೆಕ್ಕ ಸುಲಭ. ಕಡ್ಡಾಯ ಎಂದು ಹಾಕಿದ ಸಾಲುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಡಿಬಂದಿದ್ದು, ಒಂದೆರಡರಲ್ಲಿ ನಿಂತುಹೋದವರಿಗೆ ಪೂರ್ತಿ ಮೇಲ್ ಹೋಗುತ್ತದೆ. ಈ ಹುದ್ದೆಗೆ ಅಂಥವರು 14 ಜನ ಇದ್ದರು. ಕಾರಣ ಕೇಳಿ ತಾವಾಗಿಯೇ ಬರೆದವರಿಗೂ ಪೂರ್ತಿ ಉತ್ತರವೇ ಹೋಗಬೇಕು.

ಇನ್ನೊಂದು ಮಾತು. ರೆಸ್ಯೂಮ್ ಅನ್ನು ಮನುಷ್ಯರೇ ಓದಿ ಬಿಟ್ಟಿದ್ದರೆ ಮಾತ್ರ ಈ ಮೇಲ್ ಬರೆಯಬೇಕು. ಪೋರ್ಟಲ್‌ನ ಕೀವರ್ಡ್ ಫಿಲ್ಟರ್ ತೆಗೆದುಹಾಕಿದ ರೆಸ್ಯೂಮ್ ಬಗ್ಗೆ "ಟ್ಯಾಲಿ ಅನುಭವ ಕಾಣಲಿಲ್ಲ" ಎಂದು ಬರೆದು ಒಬ್ಬರ ಕೈಯಲ್ಲಿ ನಾನು ಚೆನ್ನಾಗಿ ಸಿಕ್ಕಿಹಾಕಿಕೊಂಡಿದ್ದೇನೆ. ಅವರು ಮುದ್ರಿಸಿದ ರೆಸ್ಯೂಮ್‌ನ ಫೋಟೊ ತೆಗೆದು ಪಿಡಿಎಫ್ ಮಾಡಿ ಹಾಕಿದ್ದರು. ಕಣ್ಣಿಗೆ ಟ್ಯಾಲಿ ಮೂರು ಕಡೆ ಕಾಣುತ್ತಿತ್ತು. ಫಿಲ್ಟರ್‌ಗೆ ಒಂದಕ್ಷರವೂ ಸಿಕ್ಕಿರಲಿಲ್ಲ.

ಹಂತ 2: ಜಾಹೀರಾತನ್ನು ಅವರು ನೋಡಿದ ರೂಪದಲ್ಲೇ ಮುಂದಿಟ್ಟುಕೊಳ್ಳಿ

ಒಂದೇ ಹುದ್ದೆಯ ಜಾಹೀರಾತು ಮೂರು ರೂಪದಲ್ಲಿ ಓಡಾಡುತ್ತಿರುತ್ತದೆ. ಮ್ಯಾನೇಜರ್ ಕಳಿಸಿದ ವರ್ಡ್ ಫೈಲ್ ಒಂದು. ನಾವು ಅದನ್ನು ಕತ್ತರಿಸಿ ಪೋರ್ಟಲ್‌ಗೆ ಹಾಕಿದ್ದು ಇನ್ನೊಂದು. ಯಾರೋ ವಾಟ್ಸ್ಆ್ಯಪ್ ಗುಂಪಿಗೆ ಚುಟುಕಾಗಿ ಬರೆದು ಹಾಕಿದ್ದು ಮತ್ತೊಂದು. ಮೇಲ್ ಬರೆಯುವಾಗ ಅಭ್ಯರ್ಥಿ ಯಾವುದನ್ನು ನೋಡಿ ಅರ್ಜಿ ಹಾಕಿದರೋ ಅದೇ ಲೆಕ್ಕಕ್ಕೆ ಬರುತ್ತದೆ. ವರ್ಡ್ ಫೈಲ್‌ನಲ್ಲಿದ್ದು ಪೋರ್ಟಲ್‌ನಲ್ಲಿ ಇಲ್ಲದ ಷರತ್ತನ್ನು ಹಿಡಿದು "ನೀವು ಇದನ್ನು ಪೂರೈಸಲಿಲ್ಲ" ಎನ್ನುವುದು ಅನ್ಯಾಯ ಅಲ್ವಾ?

ಜಾಹೀರಾತು ಹಾಕಿದ ದಿನವೇ ಅದನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ. ನಡುವೆ ತಿದ್ದಿದರೆ ತಿದ್ದಿದ್ದನ್ನೂ ದಿನಾಂಕ ಹಾಕಿ ಇಡಿ. ಸಾಲುಗಳಿಗೆ ಸಂಖ್ಯೆ ಕೊಟ್ಟಿದ್ದರೆ ಇನ್ನೂ ಅನುಕೂಲ. ಮೇಲ್‌ನಲ್ಲಿ "ಜಾಹೀರಾತಿನ 4ನೇ ಸಾಲು" ಎಂದರೆ ಅವರೇ ತೆಗೆದು ನೋಡುತ್ತಾರೆ.

ನಮ್ಮ ಜಾಹೀರಾತಿನಲ್ಲಿ ಕಡ್ಡಾಯ ಎಂದು ಹಾಕಿದ್ದು ಹೀಗಿತ್ತು:

1. ಬಿ.ಕಾಂ. ಅಥವಾ ಎಂ.ಕಾಂ.
2. ಅಕೌಂಟ್ಸ್‌ನಲ್ಲಿ ಪೂರ್ಣಾವಧಿ ಕೆಲಸ, ಕನಿಷ್ಠ 3 ವರ್ಷ.
3. ಟ್ಯಾಲಿಯಲ್ಲಿ ದಿನದ ಎಂಟ್ರಿ ಸ್ವತಂತ್ರವಾಗಿ ಮಾಡಬೇಕು.
4. ಜಿಎಸ್‌ಟಿ ರಿಟರ್ನ್ಸ್ ಸಲ್ಲಿಕೆ, ಜಿಎಸ್‌ಟಿಆರ್-2ಬಿ ಜೊತೆ ಖರೀದಿ ಲೆಕ್ಕದ ತಾಳೆ.
5. ಟಿಡಿಎಸ್ ಕಡಿತ ಮತ್ತು ಮೂರು ತಿಂಗಳಿಗೊಮ್ಮೆಯ ರಿಟರ್ನ್.
6. ಕನ್ನಡ ಮಾತಾಡಲು, ಓದಲು ಬರಬೇಕು.

ಕೊನೆಗೆ "ಇದ್ದರೆ ಒಳ್ಳೆಯದು" ಎಂದು ಎರಡು ಸಾಲು: ಕಾರ್ಖಾನೆಯಲ್ಲಿ ಕೆಲಸ ಮಾಡಿದ ಅನುಭವ ಮತ್ತು ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್.

"ಇದ್ದರೆ ಒಳ್ಳೆಯದು" ಪಟ್ಟಿಯಲ್ಲಿರುವುದನ್ನು ರಿಜೆಕ್ಟ್ ಆದ ಕಾರಣ ಎಂದು ಮೇಲ್‌ನಲ್ಲಿ ಬರೆಯುವಂತಿಲ್ಲ. ಅದೇ ಕಾರಣ ಎಂದಾದರೆ ಅದು ಕಡ್ಡಾಯದ ಪಟ್ಟಿಯಲ್ಲಿ ಇರಬೇಕಿತ್ತು.

ಹಂತ 3: ಸಾಲಿಗೆ ಸಾಲು ಇಟ್ಟು ನೋಡಿ, ಮೂರು ಗುರುತು ಹಾಕಿ

ಒಂದು ಹಾಳೆಯಲ್ಲಿ ಎಡಕ್ಕೆ ಜಾಹೀರಾತಿನ ಸಾಲು, ಬಲಕ್ಕೆ ರೆಸ್ಯೂಮ್‌ನಲ್ಲಿ ಅದಕ್ಕೆ ಸಂಬಂಧಪಟ್ಟ ಮಾತು. ರೆಸ್ಯೂಮ್‌ನ ಮಾತನ್ನು ಇದ್ದ ಹಾಗೇ ಎತ್ತಿ ಬರೆಯಿರಿ, ನಿಮ್ಮ ಮಾತಿಗೆ ತಿರುಗಿಸಬೇಡಿ. ಆಮೇಲೆ ಪ್ರತಿ ಸಾಲಿಗೂ ಒಂದು ಗುರುತು. ಕೂಡಿಬಂದ ಸಾಲಿಗೆ ಸುಮ್ನೆ ಒಂದು ಟಿಕ್ ಸಾಕು. ಕೂಡಿಬರದಿದ್ದರೆ ಅದು ಈ ಮೂರರಲ್ಲಿ ಯಾವುದು ಎಂದು ನೋಡಬೇಕು:

*ಇಲ್ಲ.* ಆ ವಿಷಯದ ಸುಳಿವೇ ರೆಸ್ಯೂಮ್‌ನಲ್ಲಿ ಇಲ್ಲ.
*ಸಾಲದು.* ಇದೆ, ಆದರೆ ಕೇಳಿದ ಅಳತೆಗಿಂತ ಕಡಿಮೆ.
*ಕಾಣಲಿಲ್ಲ.* ಹತ್ತಿರದ ಕೆಲಸ ಮಾಡಿದ್ದಾರೆ, ಇದೂ ಗೊತ್ತಿರಬಹುದು. ಬರೆದಿಲ್ಲ ಅಷ್ಟೇ.

ಇಡೀ ಮೇಲ್ ನಿಂತಿರುವುದು ಈ ಮೂರನ್ನು ಬೇರೆ ಮಾಡುವುದರ ಮೇಲೆ. "ಇಲ್ಲ" ಎಂದು ಬರೆದರೆ ಅಭ್ಯರ್ಥಿ ಹೋಗಿ ಕಲಿಯಬೇಕು. "ಕಾಣಲಿಲ್ಲ" ಎಂದರೆ ಎರಡು ಸಾಲು ಸೇರಿಸಿದರೆ ಮುಗಿಯಿತು. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ, ಈಗಾಗಲೇ ಬರುವ ಕೆಲಸ ಕಲಿಯಲು ಅವರು ಯಾವುದೋ ಕೋಚಿಂಗ್ ಸೆಂಟರ್‌ಗೆ ದುಡ್ಡು ಕಟ್ಟಿ ಕೂರುತ್ತಾರೆ.

ನಮ್ಮ ಅಭ್ಯರ್ಥಿಯ ರೆಸ್ಯೂಮ್ ನೋಡೋಣ. 2022ರಲ್ಲಿ ಬಿ.ಕಾಂ. ಮುಗಿಸಿದ್ದರು. 1ನೇ ಸಾಲಿಗೆ ಟಿಕ್. ಟ್ಯಾಲಿಯಲ್ಲಿ ಏನೇನು ಎಂಟ್ರಿ ಮಾಡುತ್ತಿದ್ದರು ಎಂದು ಬಿಡಿಸಿ ಬರೆದಿದ್ದರು. 3ಕ್ಕೂ ಟಿಕ್. ಕನ್ನಡದ ಬಗ್ಗೆಯಂತೂ ಕೇಳುವುದೇ ಬೇಡ, 6ಕ್ಕೂ ಟಿಕ್.

2ನೇ ಸಾಲಿನಲ್ಲಿ ಕೈ ತಡೆಯಿತು. ರೆಸ್ಯೂಮ್‌ನ ತಲೆಯಲ್ಲೇ "3 ವರ್ಷ ಅನುಭವ" ಎಂದಿತ್ತು. ತಿಂಗಳು ಎಣಿಸಿದೆ. ಒಂದು ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಜುಲೈ 2022ರಿಂದ ಅಕ್ಟೋಬರ್ 2024ರವರೆಗೆ ಕೆಲಸ. ಎರಡೂ ತುದಿಯ ತಿಂಗಳು ಸೇರಿಸಿ 28 ತಿಂಗಳು. ಅದಕ್ಕೂ ಮೊದಲು ಅಲ್ಲೇ ಆರು ತಿಂಗಳ ಇಂಟರ್ನ್‌ಶಿಪ್. ಒಟ್ಟು 34. ಅದನ್ನೇ ಅವರು 3 ವರ್ಷ ಎಂದು ಬರೆದಿದ್ದಾರೆ. ನಮ್ಮ ಸಾಲಿನಲ್ಲಿ "ಪೂರ್ಣಾವಧಿ" ಎಂದಿತ್ತು, ಹಾಗಾಗಿ ಇಂಟರ್ನ್‌ಶಿಪ್ ಬಿಟ್ಟರೆ 2 ವರ್ಷ 4 ತಿಂಗಳು. ಗುರುತು: ಸಾಲದು. ತಿಂಗಳು ಎಣಿಸುವುದನ್ನು ಮಾತ್ರ ಬಾಯಿಲೆಕ್ಕಕ್ಕೆ ಬಿಡಬೇಡಿ. ಹಿಂದೊಮ್ಮೆ 3 ವರ್ಷ 2 ತಿಂಗಳು ಕೆಲಸ ಮಾಡಿದವರಿಗೆ "ಅನುಭವ ಸಾಲದು" ಎಂದು ಬರೆದು, ಕ್ಷಮೆ ಕೇಳಿ ಇನ್ನೊಂದು ಮೇಲ್ ಹಾಕಿದ್ದೇನೆ.

4ನೇ ಸಾಲಿಗೆ ರೆಸ್ಯೂಮ್‌ನಲ್ಲಿ ಸಿಕ್ಕಿದ್ದು: "ಕ್ಲೈಂಟ್‌ಗಳ ಎಲ್ಲಾ ಜಿಎಸ್‌ಟಿ ಕೆಲಸ, ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಕೆ." ರಿಟರ್ನ್ ಸಲ್ಲಿಸುವುದು ಬರುತ್ತದೆ. 2ಬಿ ಎಂದರೆ ಮಾಲು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ. ಅದರ ಜೊತೆ ತಾಳೆ ನೋಡಿದ ಮಾತು ಎಲ್ಲೂ ಇಲ್ಲ. ಗುರುತು: ಕಾಣಲಿಲ್ಲ.

5ನೇ ಸಾಲು, ಟಿಡಿಎಸ್. ಎರಡು ಪುಟ ತಿರುವಿಹಾಕಿದರೂ ಆ ಪದವೇ ಇಲ್ಲ. ಗುರುತು: ಇಲ್ಲ.

ಹಂತ 4: ಮ್ಯಾನೇಜರ್‌ಗೆ ಫೋನ್ ಮಾಡಿ, ಯಾವ ಸಾಲು ಎಂದು ಕೇಳಿ

ಸಿಸ್ಟಮ್‌ನಲ್ಲಿ ಅಕೌಂಟ್ಸ್ ಮ್ಯಾನೇಜರ್ ಬರೆದಿದ್ದ ಷರಾ ಇಷ್ಟೇ: "ನಾಟ್ ಎ ಫಿಟ್." ಇದನ್ನು ಇಟ್ಟುಕೊಂಡು ಮೇಲ್ ಬರೆಯಲು ಆಗುವುದಿಲ್ಲ. ಫೋನ್ ಮಾಡಿದೆ.

"ಸರ್, ಈ ರೆಸ್ಯೂಮ್‌ನಲ್ಲಿ ನಿಮಗೆ ಯಾವ ಸಾಲು ಸಾಲಲಿಲ್ಲ?"

"ಮೇಡಂ, ಟ್ಯಾಕ್ಸ್ ಕನ್ಸಲ್ಟೆಂಟ್ ಆಫೀಸಿಂದ ಬಂದವರಿಗೆ ಫ್ಯಾಕ್ಟರಿ ಗೊತ್ತಿರಲ್ಲ."

"ಅದು ನಮ್ಮ ಕಡ್ಡಾಯದ ಪಟ್ಟಿಯಲ್ಲಿ ಇಲ್ಲ ಸರ್. ಗೊತ್ತಿಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತೆ ಹೇಳಿ."

ಆಗ ನಿಜವಾದ ಕಾರಣ ಹೊರಬಂತು. ಅವರಿಗೆ ಮಾಲು ಕೊಡುವವರು ಸುಮಾರು ಇನ್ನೂರು ಜನ. ಪ್ರತಿ ತಿಂಗಳು 14ನೇ ತಾರೀಕು ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ ಬರುತ್ತದೆ. ಮಾಲು ಕೊಟ್ಟವರು ತಮ್ಮ ಬಿಲ್ ಅನ್ನು ರಿಟರ್ನ್‌ನಲ್ಲಿ ತೋರಿಸಿದ್ದರೆ ಮಾತ್ರ ಅದು ಅಲ್ಲಿ ಕಾಣುತ್ತದೆ. ಕಂಡರೆ ಮಾತ್ರ ಆ ತೆರಿಗೆಯನ್ನು ಕಂಪನಿ ತನ್ನ ಬಾಕಿಗೆ ವಜಾ ಮಾಡಿಕೊಳ್ಳಬಹುದು. 20ಕ್ಕೆ ಆ ತಿಂಗಳ ತೆರಿಗೆ ಕಟ್ಟುವ ರಿಟರ್ನ್, ಅಂದರೆ 3ಬಿ, ಸಲ್ಲಿಸಬೇಕು. ಅಂದರೆ ಆರು ದಿನದೊಳಗೆ ಇನ್ನೂರು ಜನರ ಬಿಲ್ ತಾಳೆ ನೋಡಿ, ಬಿಟ್ಟುಹೋದವರಿಗೆ ಫೋನ್ ಮಾಡಿ ಬೆನ್ನು ಹತ್ತಬೇಕು. ಒಂದು ಲಕ್ಷದ ಬಿಲ್ ಒಂದೇ ತಪ್ಪಿಹೋದರೂ ಶೇ 18ರ ಲೆಕ್ಕದಲ್ಲಿ ಆ ತಿಂಗಳು 18,000 ರೂಪಾಯಿ ಕೈಯಿಂದ ಕಟ್ಟಬೇಕು. ಅವರಿಗೆ ಬೇಕಾಗಿದ್ದುದು ಈ ಕೆಲಸ ಬರುವವರು. ಅದನ್ನು "ಫ್ಯಾಕ್ಟರಿ ಗೊತ್ತಿರಲ್ಲ" ಎಂದು ಹೇಳಿದ್ದರು.

ಹೀಗೆ ಕೆದಕಿ ಕೇಳಿದರೆ ಎರಡರಲ್ಲಿ ಒಂದು ಸಿಗುತ್ತದೆ. ಒಂದೋ ಮ್ಯಾನೇಜರ್ ಮಾತು ಜಾಹೀರಾತಿನ ಯಾವುದಾದರೂ ಸಾಲಿಗೆ ಬಂದು ಕೂರುತ್ತದೆ, ಇಲ್ಲಿ 4ನೇ ಸಾಲಿಗೆ ಕೂತ ಹಾಗೆ. ಇಲ್ಲವೋ ಎಲ್ಲೂ ಕೂರುವುದಿಲ್ಲ. ಎಲ್ಲೂ ಕೂರದಿದ್ದರೆ ಆ ಅಭ್ಯರ್ಥಿಯನ್ನು ಬಿಟ್ಟಿದ್ದೇ ತಪ್ಪಿರಬಹುದು. ಆಗ ಮೇಲ್ ನಿಲ್ಲಿಸಿ, ರೆಸ್ಯೂಮ್ ಅನ್ನು ಮತ್ತೆ ಓದಿಸಿ.

ಫೋನ್ ಇಡುವ ಮುನ್ನ ಅವರು ಇನ್ನೊಂದು ಪ್ರಶ್ನೆ ಎಸೆದರು: "ಅಕ್ಟೋಬರ್‌ನಿಂದ ಏಳೆಂಟು ತಿಂಗಳು ಖಾಲಿ ಇದ್ದಾರಲ್ಲ, ಮದುವೆ ಗಿದುವೆ ಆಯ್ತಾ?" ಇದನ್ನು ಮೇಲ್‌ನಲ್ಲಿ ಹಾಕದಿದ್ದರೆ ಸಾಕು ಎಂದು ಕೆಲವರು ಅಂದುಕೊಳ್ಳುತ್ತಾರೆ. ಸಾಲದು. ಈ ಮಾತು ತೀರ್ಮಾನದೊಳಗೆ ನುಸುಳಿದ್ದರೆ, ಮೇಲ್‌ನಲ್ಲಿ 2ಬಿ ಎಂದು ಬರೆದರೂ ಅದು ಸುಳ್ಳೇ. ಕೆಲಸಕ್ಕೆ ತೆಗೆದುಕೊಳ್ಳುವಾಗ ಹೆಣ್ಣು ಎಂಬ ಕಾರಣಕ್ಕೆ ಭೇದ ಮಾಡಬಾರದು ಎನ್ನುವುದು 1976ರ ಸಮಾನ ಸಂಭಾವನೆ ಕಾಯ್ದೆಯ ಕಾಲದಿಂದ ಇರುವ ಮಾತು, 2019ರ ವೇತನ ಸಂಹಿತೆಯಲ್ಲೂ ಇದೆ. ನಾನು ಮ್ಯಾನೇಜರ್‌ಗೆ ಅಷ್ಟೇ ಹೇಳಿ, ಆ ಏಳು ತಿಂಗಳನ್ನು ಪಕ್ಕಕ್ಕಿಟ್ಟು ರೆಸ್ಯೂಮ್ ಮತ್ತೊಮ್ಮೆ ನೋಡಿ ಎಂದೆ. ನೋಡಿದರು. 4 ಮತ್ತು 5ನೇ ಸಾಲಿಗೇ ನಿಂತರು.

ಹಂತ 5: ಶಾರ್ಟ್‌ಲಿಸ್ಟ್ ಆದವರನ್ನೂ ಅದೇ ಅಳತೆಗೆ ಹಿಡಿಯಿರಿ

ಈ ಹಂತವನ್ನು ಜಾಸ್ತಿ ಜನ ಮಾಡುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ನನ್ನ ಹಾಳೆಯಲ್ಲಿ ಈಗ ಮೂರು ಕಾರಣ ಇದ್ದವು: ಅನುಭವ ಸಾಲದು, 2ಬಿ ಕಾಣಲಿಲ್ಲ, ಟಿಡಿಎಸ್ ಇಲ್ಲ. ಇಂಟರ್‌ವ್ಯೂಗೆ ಕರೆದ ಆರು ಜನರ ರೆಸ್ಯೂಮ್ ತೆಗೆದು ಈ ಮೂರನ್ನೇ ಹುಡುಕಿದೆ. ಒಬ್ಬರಿಗೆ ಇದ್ದದ್ದು 2 ವರ್ಷ 8 ತಿಂಗಳ ಅನುಭವ! ಅವರನ್ನು ಕರೆದಿದ್ದೇವೆ, ಯಾಕೆಂದರೆ 2ಬಿ ಮತ್ತು ಟಿಡಿಎಸ್ ಎರಡನ್ನೂ ಬಿಡಿಸಿ ಬರೆದಿದ್ದರು. ಅಂದಮೇಲೆ 3 ವರ್ಷದ ಗೆರೆಯನ್ನು ನಾವೇ ದಾಟಿದ್ದೇವೆ. ದಾವಣಗೆರೆಯವರಿಗೆ "ನಿಮಗೆ 3 ವರ್ಷ ಆಗಿಲ್ಲ" ಎಂದು ಹೇಗೆ ಬರೆಯುವುದು? ಅದು ಜಾಹೀರಾತಿನ ಪ್ರಕಾರ ನಿಜ, ಆದರೆ ಅವರನ್ನು ಬಿಟ್ಟ ಕಾರಣ ಅದಲ್ಲ.

2ಬಿ ವಿಷಯದಲ್ಲಿ ಆರೂ ಜನರ ರೆಸ್ಯೂಮ್‌ನಲ್ಲಿ ಸ್ಪಷ್ಟ ಸಾಲು ಇತ್ತು. ಟಿಡಿಎಸ್ ಕೂಡ ಆರರಲ್ಲೂ ಇತ್ತು. ಹಾಗಾಗಿ ಆ ಎರಡು ಉಳಿದವು, ಅನುಭವ ಬಿದ್ದುಹೋಯಿತು.

ಕಾರಣ ಎರಡು ಸಾಕು, ಹೆಚ್ಚೆಂದರೆ ಮೂರು. ಐದು ಬರೆದರೆ ಓದುವವರಿಗೆ ಯಾವುದು ನಿಜವಾಗಿ ತಡೆಯಿತು ಎನ್ನುವುದು ಗೊತ್ತಾಗುವುದಿಲ್ಲ, ಗುಂಪಾಗಿ ಬೈದ ಹಾಗೆ ಕಾಣುತ್ತದೆ.

ಹಂತ 6: ಒಂದೊಂದು ಕಾರಣಕ್ಕೂ ಮೂರು ತುಂಡಿನ ಮಾತು

ನಾನು ಬಳಸುವ ಅಚ್ಚು ಇದು: ಜಾಹೀರಾತು ಏನು ಕೇಳಿತ್ತು, ರೆಸ್ಯೂಮ್‌ನಲ್ಲಿ ನಮಗೆ ಏನು ಸಿಕ್ಕಿತು, ಇವೆರಡರ ನಡುವೆ ಏನು ಉಳಿಯಿತು.

ನನ್ನ ಮೊದಲ ಕರಡಿನಲ್ಲಿ ಹೀಗಿತ್ತು: "ನಿಮಗೆ ಜಿಎಸ್‌ಟಿ ತಾಳೆಯ ಜ್ಞಾನದ ಕೊರತೆ ಇದೆ." ಇದನ್ನು ಓದಿದರೆ ಯಾರಿಗಾದರೂ ರೇಗುತ್ತದೆ. ಅವರ ತಲೆಯಲ್ಲಿ ಏನಿದೆ ಎಂದು ನನಗೆ ಹೇಗೆ ಗೊತ್ತು? ನಾನು ನೋಡಿದ್ದು ಎರಡು ಹಾಳೆ ಮಾತ್ರ. ತಿದ್ದಿದ್ದು ಹೀಗೆ: "4ನೇ ಸಾಲಿನಲ್ಲಿ 2ಬಿ ಜೊತೆ ಖರೀದಿ ಲೆಕ್ಕದ ತಾಳೆ ಕೇಳಿದ್ದೆವು. ನಿಮ್ಮ ರೆಸ್ಯೂಮ್‌ನಲ್ಲಿ ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಸಿದ ಮಾತಿದೆ. ತಾಳೆ ನೋಡಿದ ಬಗ್ಗೆ ಏನೂ ಕಾಣಲಿಲ್ಲ." ವಾಕ್ಯದ ಕರ್ತೃ "ನೀವು" ಇದ್ದದ್ದು "ರೆಸ್ಯೂಮ್" ಆಯಿತು. ಕರಡು ಮುಗಿದ ಮೇಲೆ "ನೀವು", "ನಿಮಗೆ" ಎಂದು ಶುರುವಾಗುವ ವಾಕ್ಯಗಳನ್ನೆಲ್ಲ ಹುಡುಕಿ, ಅವು ರೆಸ್ಯೂಮ್ ಬಗ್ಗೆಯೋ ಮನುಷ್ಯರ ಬಗ್ಗೆಯೋ ಎಂದು ನೋಡಿ. ಮನುಷ್ಯರ ಬಗ್ಗೆ ಇದ್ದರೆ ತೆಗೆಯಿರಿ.

"ಸಾಲದು" ಗುರುತಿನ ಕಾರಣ ಇದ್ದರೆ ಎರಡು ಅಂಕಿ ಎದುರುಬದುರು ಇಡಿ: ಕೇಳಿದ್ದು ಇಷ್ಟು, ನಮ್ಮ ಎಣಿಕೆಗೆ ಸಿಕ್ಕಿದ್ದು ಇಷ್ಟು, ಹೀಗೆ ಎಣಿಸಿದ್ದೇವೆ. ಎಣಿಸಿದ ಬಗೆ ಹೇಳಿದರೆ ತಪ್ಪಿದ್ದರೂ ಅವರು ತೋರಿಸುತ್ತಾರೆ. "ತಪ್ಪು ಲೆಕ್ಕ ಕೊಟ್ಟಿದ್ದೀರಿ" ಎಂಬ ಧಾಟಿ ಮಾತ್ರ ಬೇಡ.

ಹಂತ 7: ಮೇಲ್ ಕಟ್ಟುವುದು

ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು ಇರಲಿ. "ಶುಭಸುದ್ದಿ", "ಮುಖ್ಯ ಮಾಹಿತಿ" ಎಂದೆಲ್ಲ ಬರೆದು ಆಸೆ ಹುಟ್ಟಿಸಬೇಡಿ. ಮೊದಲ ಎರಡು ವಾಕ್ಯದೊಳಗೆ ಆಯ್ಕೆ ಆಗಿಲ್ಲ ಎನ್ನುವುದು ಬಂದುಬಿಡಬೇಕು. ಮೂರು ಸಾಲು ಹೊಗಳಿ ನಾಲ್ಕನೆಯದರಲ್ಲಿ "ಆದರೆ" ಹಾಕುವುದು ನಮ್ಮಲ್ಲಿ ರೂಢಿ. ಓದುವವರು ಆ "ಆದರೆ" ಎಲ್ಲಿದೆ ಎಂದೇ ಹುಡುಕುತ್ತಿರುತ್ತಾರೆ.

ಕೂಡಿಬಂದ ಸಾಲುಗಳನ್ನೂ ಹೇಳಿ. ಸಮಾಧಾನಕ್ಕಲ್ಲ. ಅದನ್ನು ಹೇಳದಿದ್ದರೆ ಅವರು ಸರಿಯಾಗಿದ್ದನ್ನೂ ತಿದ್ದಲು ಹೋಗುತ್ತಾರೆ.

ಜಾಹೀರಾತು ಇಂಗ್ಲಿಷ್‌ನಲ್ಲಿತ್ತು. ಅವರು ಕೇಳಿದ್ದು ಕನ್ನಡದಲ್ಲಿ, ಹಾಗಾಗಿ ನಾನೂ ಕನ್ನಡದಲ್ಲೇ ಬರೆದೆ. ಕೊನೆಗೆ ಹೋದ ಮೇಲ್ ಇದು:

> ವಿಷಯ: ಅಕೌಂಟ್ಸ್ ಎಕ್ಸಿಕ್ಯೂಟಿವ್ (ಪೀಣ್ಯ) ಅರ್ಜಿ: ನೀವು ಕೇಳಿದ ಕಾರಣ
>
> ನಮಸ್ಕಾರ,
>
> ಯಾವ ಅಗತ್ಯಕ್ಕೆ ಹೊಂದಲಿಲ್ಲ ಎಂದು ಕೇಳಿದ್ದಿರಿ. ನಮ್ಮ ಮೊದಲ ಮೇಲ್‌ನಲ್ಲಿ ಅದನ್ನು ಹೇಳಬೇಕಿತ್ತು, ಹೇಳಲಿಲ್ಲ. ಈ ಹುದ್ದೆಗೆ ನಿಮ್ಮನ್ನು ಇಂಟರ್‌ವ್ಯೂಗೆ ಕರೆಯುತ್ತಿಲ್ಲ, ಆ ತೀರ್ಮಾನ ಬದಲಾಗಿಲ್ಲ. ಕಾರಣ ಎರಡು. ಎರಡೂ ನಿಮ್ಮ ರೆಸ್ಯೂಮ್ ಓದಿ ಬಂದವು.
>
> ಒಂದು: ಜಾಹೀರಾತಿನ 4ನೇ ಸಾಲಿನಲ್ಲಿ ಜಿಎಸ್‌ಟಿಆರ್-2ಬಿ ಜೊತೆ ಖರೀದಿ ಲೆಕ್ಕ ತಾಳೆ ನೋಡುವ ಕೆಲಸ ಕೇಳಿದ್ದೆವು. ರೆಸ್ಯೂಮ್‌ನಲ್ಲಿ ಜಿಎಸ್‌ಟಿಆರ್-1 ಮತ್ತು 3ಬಿ ಸಲ್ಲಿಸಿದ್ದು ಇದೆ, "ಎಲ್ಲಾ ಜಿಎಸ್‌ಟಿ ಕೆಲಸ" ಎಂದೂ ಇದೆ. ತಾಳೆ ನೋಡಿದ ಬಗ್ಗೆ ಬೇರೆಯಾಗಿ ಏನೂ ಕಾಣಲಿಲ್ಲ. ಈ ಹುದ್ದೆಯಲ್ಲಿ ತಿಂಗಳಿಗೆ ಸುಮಾರು 200 ಪೂರೈಕೆದಾರರ ಬಿಲ್ ತಾಳೆ ನೋಡಬೇಕಾಗುತ್ತದೆ, ಹಾಗಾಗಿ ಇದನ್ನು ಸ್ಪಷ್ಟವಾಗಿ ಬರೆದಿದ್ದವರನ್ನು ಕರೆದಿದ್ದೇವೆ.
>
> ಎರಡು: 5ನೇ ಸಾಲಿನಲ್ಲಿ ಟಿಡಿಎಸ್ ಕಡಿತ ಮತ್ತು ಮೂರು ತಿಂಗಳ ರಿಟರ್ನ್ ಕೇಳಿದ್ದೆವು. ಅದರ ಪ್ರಸ್ತಾಪ ರೆಸ್ಯೂಮ್‌ನಲ್ಲಿ ಇಲ್ಲ.
>
> ಪದವಿ, ಟ್ಯಾಲಿ, ಕನ್ನಡ, ಈ ಮೂರು ಸಾಲು ಪೂರ್ತಿ ಕೂಡಿಬಂದಿವೆ. ಅನುಭವದ ಅವಧಿಯ ಕಾರಣಕ್ಕೆ ನಿಮ್ಮ ಅರ್ಜಿಯನ್ನು ಬಿಟ್ಟಿಲ್ಲ.
>
> ಇದು ಈ ಒಂದು ಹುದ್ದೆಯ ಜಾಹೀರಾತಿಗೆ ಹೋಲಿಸಿ ಹೇಳಿದ ಮಾತು. ಬೇರೆ ಕಂಪನಿ ಬೇರೆಯದನ್ನು ಕೇಳಬಹುದು. ಈ ಎರಡು ಸೇರಿಸಿದರೆ ನಮ್ಮಲ್ಲಿ ಮುಂದೆ ಕರೆಯುತ್ತೇವೆ ಎಂಬ ಭರವಸೆಯೂ ಅಲ್ಲ.
>
> ನಾವು ಓದಿದ್ದರಲ್ಲಿ ತಪ್ಪಿದೆ ಅನ್ನಿಸಿದರೆ, ರೆಸ್ಯೂಮ್‌ನ ಯಾವ ಸಾಲು ಎಂದು ತಿಳಿಸಿ. ಮತ್ತೆ ನೋಡುತ್ತೇನೆ.

ಕೊನೆಯ ಎರಡು ಪ್ಯಾರಾ ಬಗ್ಗೆ ಒಂದು ಮಾತು. "ಭರವಸೆ ಅಲ್ಲ" ಎನ್ನುವುದು ಓದಲು ಒರಟು, ನನಗೂ ಗೊತ್ತು. ಹಿಂದೆ ಒಬ್ಬ ಹುಡುಗನಿಗೆ "ಎಕ್ಸೆಲ್ ಒಂದು ಗಟ್ಟಿ ಮಾಡಿಕೊಂಡರೆ ನೀವು ನಮಗೆ ಒಪ್ಪುತ್ತೀರಿ" ಎಂದು ಪ್ರೀತಿಯಿಂದಲೇ ಬರೆದಿದ್ದೆ. ಆತ ಮೂರು ತಿಂಗಳು ಕೋರ್ಸ್ ಮಾಡಿ ಸರ್ಟಿಫಿಕೇಟ್ ಹಿಡಿದು ಬಂದ. ಅಷ್ಟರಲ್ಲಿ ಆ ಜಾಗ ತುಂಬಿತ್ತು. ಆತ ಕೇಳಿದ: "ಅಕ್ಕ, ನೀವೇ ಹೇಳಿದ್ರಲ್ಲ?" ಆಮೇಲೆ ಈ ವಾಕ್ಯವನ್ನು ನಾನು ಯಾವ ಮೇಲ್‌ನಿಂದಲೂ ತೆಗೆದಿಲ್ಲ.

ಈ ಮೇಲ್‌ನಲ್ಲಿ ಬೇಕೆಂದೇ ಬಿಟ್ಟಿದ್ದೂ ಕೆಲವಿದೆ. ಆಯ್ಕೆಯಾದವರು ಯಾರು, ಎಲ್ಲಿಯವರು, ಅವರ ಸಂಬಳ ಎಷ್ಟು, ಇದ್ಯಾವುದೂ ಇಲ್ಲ. ಕೆಲಸ ಇಲ್ಲದ ಏಳು ತಿಂಗಳ ಮಾತಿಲ್ಲ. ವಯಸ್ಸು, ಮದುವೆ, ಮಕ್ಕಳು, ಊರು, ಆರೋಗ್ಯ, ಅಂಗವೈಕಲ್ಯ ಇವುಗಳ ನೆರಳೂ ಬೀಳಬಾರದು. "ಚುರುಕಿನ ಯುವ ತಂಡಕ್ಕೆ ಹೊಂದುವವರು ಬೇಕಿತ್ತು" ಎಂದರೂ ಅದು ವಯಸ್ಸಿನ ಮಾತೇ. ರೆಸ್ಯೂಮ್‌ನ ಬಣ್ಣ, ಫಾಂಟ್, ಕಾಗುಣಿತದ ಬಗ್ಗೆ ಪುಕ್ಕಟೆ ಸಲಹೆಯೂ ಬೇಡ. ಕೇಳಿದ್ದು ಯಾವ ಅಗತ್ಯ ಎಂದು, ಅಷ್ಟಕ್ಕೆ ಉತ್ತರ.

ಹುದ್ದೆ ರದ್ದಾದರೆ, ಒಳಗಿನವರಿಗೇ ಕೊಟ್ಟರೆ, ಅಭ್ಯರ್ಥಿ ಕೇಳಿದ ಸಂಬಳ ಕೈಗೆಟುಕದಿದ್ದರೆ, ಅದನ್ನು ಹಾಗೇ ಬರೆಯಿರಿ. ಅದನ್ನು ಮುಚ್ಚಲು ಜಾಹೀರಾತಿನ ಯಾವುದೋ ಸಾಲನ್ನು ಹುಡುಕಿ ತಗುಲಿಸುವುದು ಬೇಡ. ಅಂಥ ಮೇಲ್ ಓದಿದವರು ಇಲ್ಲದ ಕೊರತೆಯನ್ನು ತುಂಬಿಸಿಕೊಳ್ಳಲು ಹೊರಡುತ್ತಾರೆ.

ಹಂತ 8: ಯಾವಾಗ ಕಳಿಸುವುದು

ತೀರ್ಮಾನವಾದ ಒಂದು ವಾರದೊಳಗೆ. ಇಂಟರ್‌ವ್ಯೂ ಶುರುವಾಗುವ ಮೊದಲೇ ಕಳಿಸಬೇಕೋ, ಎಲ್ಲ ಮುಗಿದ ಮೇಲೋ ಎಂಬ ಬಗ್ಗೆ ನಮ್ಮಲ್ಲೇ ಎರಡು ಪಕ್ಷ ಇದೆ. ಮುಗಿದ ಮೇಲೆ ಕಳಿಸಿದರೆ ವಾದ ಬರುವುದಿಲ್ಲ ಎನ್ನುವವರಿದ್ದಾರೆ. ನನ್ನ ಮತ ಮೊದಲೇ ಕಳಿಸುವ ಕಡೆಗೆ. "ಕಾಣಲಿಲ್ಲ" ಗುರುತಿನವರು ಉತ್ತರ ಬರೆದರೆ ಅವರನ್ನು ಸೇರಿಸಿಕೊಳ್ಳಲು ಆಗ ಜಾಗ ಇರುತ್ತದೆ. ಆದರೆ ಉತ್ತರ ಓದಿ ಮತ್ತೆ ನೋಡಲು ನೀವು ಮತ್ತು ಮ್ಯಾನೇಜರ್ ಇಬ್ಬರೂ ತಯಾರಿದ್ದರೆ ಮಾತ್ರ. ತಯಾರಿಲ್ಲದಿದ್ದರೆ "ತಪ್ಪಿದ್ದರೆ ತಿಳಿಸಿ" ಎಂಬ ಸಾಲನ್ನು ತೆಗೆದುಬಿಡಿ.

ಹಂತ 9: ಉತ್ತರ ಬಂದಾಗ

ಬರುವ ಉತ್ತರ ಹೆಚ್ಚಾಗಿ ಮೂರು ಬಗೆ. ಧನ್ಯವಾದ ಹೇಳಿದರೆ ಅಲ್ಲಿಗೆ ಮುಗಿಯಿತು. ಸಿಟ್ಟಿನಿಂದ ಬರೆದರೆ, ಅದರಲ್ಲಿ ರೆಸ್ಯೂಮ್‌ನ ಯಾವುದಾದರೂ ಸಾಲಿನ ಮಾತಿದೆಯೇ ನೋಡಿ. ಇದ್ದರೆ ಅದಕ್ಕಷ್ಟೇ ಉತ್ತರಿಸಿ, ಇಲ್ಲದಿದ್ದರೆ "ಓದಿದೆ, ತೀರ್ಮಾನ ಅದೇ" ಎಂದು ಒಂದೇ ಸಲ ಬರೆದು ನಿಲ್ಲಿಸಿ. ಮೂರನೆಯದೇ ಕಷ್ಟದ್ದು: "ನಾನು ಆ ಕೆಲಸ ಮಾಡಿದ್ದೇನೆ, ಬರೆದಿರಲಿಲ್ಲ."

ದಾವಣಗೆರೆಯವರು ಮರುದಿನವೇ ಬರೆದರು. ಹದಿನೈದು ಕ್ಲೈಂಟ್‌ಗಳಿಗೆ ಪ್ರತಿ ತಿಂಗಳು 2ಬಿ ತೆಗೆದು ಎಕ್ಸೆಲ್‌ನಲ್ಲಿ ತಾಳೆ ನೋಡುತ್ತಿದ್ದರಂತೆ. "ಅದು ಜಿಎಸ್‌ಟಿ ಕೆಲಸದಲ್ಲೇ ಬರುತ್ತಲ್ಲ ಮೇಡಂ, ಬೇರೆ ಬರೀಬೇಕು ಅಂತ ಗೊತ್ತಾಗಲಿಲ್ಲ." ಟಿಡಿಎಸ್ ಮಾತ್ರ ಮಾಡಿಲ್ಲ, ಆ ಕಚೇರಿಯಲ್ಲಿ ಅದನ್ನು ಬೇರೆಯವರು ನೋಡುತ್ತಿದ್ದರು ಎಂದು ನೇರವಾಗಿ ಹೇಳಿದರು.

ಇಂಥ ಉತ್ತರ ಬಂದರೆ ಮಾಡಬೇಕಾದ್ದು ಎರಡು. ಉಳಿದ ಕಾರಣವೊಂದೇ ಅವರನ್ನು ತಡೆಯುತ್ತದೆಯೇ ಎಂದು ಮ್ಯಾನೇಜರ್ ಬಳಿ ಕೇಳುವುದು ಒಂದು. ಹಾಳೆಯ ಗುರುತು ತಿದ್ದಿ ದಿನಾಂಕ ಹಾಕುವುದು ಇನ್ನೊಂದು. ಮುಂದೆ ಅವರು ಮತ್ತೆ ಅರ್ಜಿ ಹಾಕಿದಾಗ ಹಳೆಯ ಷರಾ ಎದ್ದು ಕೂರಬಾರದು.

ನಾನು ಕೇಳುವ ಹೊತ್ತಿಗೆ ತಡವಾಗಿತ್ತು. ಆರು ಜನರ ಇಂಟರ್‌ವ್ಯೂ ಮುಗಿದು ಒಬ್ಬರಿಗೆ ಆಫರ್ ಹೋಗಿತ್ತು. ಅದನ್ನೇ ಬರೆದೆ: "4ನೇ ಸಾಲಿನ ಬಗ್ಗೆ ನೀವು ಹೇಳಿದ್ದನ್ನು ದಾಖಲಿಸಿದ್ದೇನೆ. ಟಿಡಿಎಸ್ ಕಾರಣ ಹಾಗೇ ಉಳಿಯುತ್ತದೆ. ಈ ಜಾಗ ತುಂಬಿದೆ."

ಅದೇ ವಾರ ಇನ್ನೊಂದು ಕಂಪನಿಗೆ ಇಂಥದ್ದೇ ಜಾಹೀರಾತು ಬರೆಯಬೇಕಿತ್ತು. ಈ ಸಲ ತಾಳೆಯನ್ನು ರಿಟರ್ನ್ ಸಲ್ಲಿಕೆಯ ಬಾಲಕ್ಕೆ ಕಟ್ಟಲಿಲ್ಲ, ಬೇರೆಯೇ ಸಾಲು ಮಾಡಿದೆ. ಅರ್ಜಿಯಲ್ಲಿ ಒಂದು ಪ್ರಶ್ನೆಯನ್ನೂ ಸೇರಿಸಿದೆ: "ಕಳೆದ ತಿಂಗಳು ಎಷ್ಟು ಪೂರೈಕೆದಾರರ ಬಿಲ್ ಅನ್ನು 2ಬಿ ಜೊತೆ ತಾಳೆ ನೋಡಿದಿರಿ?"